ಅರ್ಜಿಗೆ ನಮೂನೆ ಇದೆ, ಉತ್ತರಕ್ಕೆ ಇಲ್ಲ

ಚುನಾವಣೆ ಬಂತೆಂದರೆ ನಮ್ಮಂಥ ಬಿಡಿ ಸುದ್ದಿಗಾರರ ಮೊಬೈಲಿಗೆ ಒಂದು ಪ್ರಕಟಣೆ ತಪ್ಪದೆ ಬರುತ್ತದೆ. ಚುನಾವಣಾ ಕರ್ತವ್ಯಕ್ಕೆ ಗೈರಾದರೆ ಕಠಿಣ ಕ್ರಮ, ಅನಾರೋಗ್ಯದ ನೆಪ ಹೇಳಿದರೆ ಸಹಿಸುವುದಿಲ್ಲ, ಇಷ್ಟು ಅದರ ಸಾರ. ನಾವು ಅದನ್ನು ನಾಲ್ಕು ಸಾಲಿಗೆ ಇಳಿಸಿ, 'ಅಧಿಕಾರಿ ಎಚ್ಚರಿಕೆ' ಎಂದು ತಲೆಬರಹ ಕೊಟ್ಟು ಕಳಿಸುತ್ತೇವೆ. 'ನೆಪ' ಎನ್ನುವ ಪದ ಅಲ್ಲಿಗೆ ಹೇಗೆ ಬಂತು, ನಿಜವಾಗಿ ಕಾಯಿಲೆ ಇರುವವರು ಏನು ಮಾಡಬೇಕು ಎಂದು ನಾವು ಕೇಳಿದ್ದಿಲ್ಲ. ಈ ಬರಹದ ಮೊದಲ ದೂರು ನಮ್ಮ ಮೇಲೆಯೇ.

2024ರ ಏಪ್ರಿಲ್ 26, ಶುಕ್ರವಾರ, ಚಿತ್ರದುರ್ಗ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಅಂದು ಚಳ್ಳಕೆರೆ ತಾಲ್ಲೂಕಿನ ಮತಗಟ್ಟೆಯೊಂದರಲ್ಲಿ ಕರ್ತವ್ಯದಲ್ಲಿದ್ದ ಮಹಿಳಾ ಸಿಬ್ಬಂದಿಯೊಬ್ಬರು ಹೃದಯಾಘಾತದಿಂದ ತೀರಿಕೊಂಡರು. ಮೇ 7ರ ಎರಡನೇ ಹಂತದ ಮತದಾನದ ಹೊತ್ತಿಗೆ ಬಾಗಲಕೋಟೆ ಮತ್ತು ಬೀದರ್ ಜಿಲ್ಲೆಗಳಿಂದಲೂ ಅಂಥದೇ ಸುದ್ದಿ ಬಂತು. ಇವರು ವಿನಾಯಿತಿ ಕೇಳಿದ್ದರು, ಕೊಡಲಿಲ್ಲ ಎಂದು ನಾವು ಹೇಳುತ್ತಿಲ್ಲ. ಇಂಥ ಸಾವಾದ ಮರುದಿನ ಪರಿಹಾರ ಎಷ್ಟು ಎಂಬ ಮಾತು ನಡೆಯುತ್ತದೆ. ಆದರೆ ಹೃದ್ರೋಗಿಯೊಬ್ಬರು ಮೊದಲೇ 'ನನ್ನಿಂದ ಆಗದು' ಎಂದು ಹೇಳಿಕೊಳ್ಳಲು ನಮ್ಮ ವ್ಯವಸ್ಥೆಯಲ್ಲಿ ಎಂಥ ಬಾಗಿಲಿದೆ, ಆ ಬಾಗಿಲು ತಟ್ಟಿದರೆ ಏನಾಗುತ್ತದೆ ಎಂಬ ಮಾತು ನಡೆಯುವುದೇ ಇಲ್ಲ. ನಮ್ಮ ತಕರಾರು ಇಷ್ಟು: ವಿನಾಯಿತಿ ಕೇಳುವ ಅರ್ಜಿಗೆ ಕಚೇರಿಗಳು ನೂರೆಂಟು ಕ್ರಮ ಇಟ್ಟಿವೆ. ಅದಕ್ಕೆ ಕೊಡಬೇಕಾದ ಉತ್ತರಕ್ಕೆ ಒಂದು ಕ್ರಮವನ್ನೂ ಇಟ್ಟಿಲ್ಲ.

ಒಬ್ಬ ಮೇಷ್ಟ್ರ ಮೂರು ಅರ್ಜಿ

ನಮಗೆ ಪರಿಚಯದ ಮೇಷ್ಟ್ರೊಬ್ಬರ ಕಥೆ ಇದು. ಅವರ ಹೆಸರು, ತಾಲ್ಲೂಕು, ಕಚೇರಿ ಯಾವುದನ್ನೂ ಹೇಳುವುದಿಲ್ಲ. ಹೇಳಿದರೆ ಅವರ ಕಾಯಿಲೆ ಮತ್ತೊಮ್ಮೆ ಊರ ಬಾಯಿಗೆ ಬೀಳುತ್ತದೆ. ಆ ವರ್ಷದ ಜನವರಿಯಲ್ಲಿ ಅವರಿಗೆ ಎದೆನೋವು ಬಂದು ಎರಡು ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ, ಒಂದು ಹೊತ್ತೂ ತಪ್ಪಿಸುವ ಹಾಗಿಲ್ಲ. ರಜೆ ಮುಗಿಸಿ ಮಾರ್ಚ್‌ನಲ್ಲಿ ಶಾಲೆಗೆ ಬಂದರು. ಕೂತು ಪಾಠ ಮಾಡುತ್ತಿದ್ದರು, ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಸ್ಟಾಫ್ ರೂಮಿನ ಬೆಂಚಿನ ಮೇಲೆ ಒರಗುತ್ತಿದ್ದರು. ಏಪ್ರಿಲ್ ಮೊದಲ ವಾರ ಪಿಆರ್‌ಒ ಆಗಿ ನೇಮಕದ ಆದೇಶ ಬಂತು. ಪಿಆರ್‌ಒ ಎಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಮತಯಂತ್ರದಿಂದ ಹಿಡಿದು ಮೊಹರಿನವರೆಗೆ ಎಲ್ಲಕ್ಕೂ ಅವರೇ ಹೊಣೆ.

ಮೊದಲ ಅರ್ಜಿಯನ್ನು ಅವರು ಕೈಯಲ್ಲೇ ಬರೆದು ಕೊಟ್ಟರು. ಟಪಾಲು ಮೇಜಿನಲ್ಲಿದ್ದವರು ಓದಿ, "ಮೇಷ್ಟ್ರೆ, ಉಲ್ಲೇಖನೇ ಇಲ್ವಲ್ಲ, ಯಾವ ಆದೇಶ ಅಂತ ನಾವ್ ಹುಡುಕೋದು?" ಎಂದು ವಾಪಸು ಕೊಟ್ಟರು. ಆ ಮಾತು ಸರಿಯೇ, ತಪ್ಪು ಮೇಷ್ಟ್ರದು. ಎರಡನೇ ಅರ್ಜಿಯಲ್ಲಿ ಆದೇಶದ ಸಂಖ್ಯೆ, ದಿನಾಂಕ ಎಲ್ಲ ಇತ್ತು. ಈ ಸಲ, "ನಿಮ್ಮ ಹೆಡ್‌ಮಾಸ್ಟ್ರು ಮೂಲಕ ಬರಬೇಕು ಸಾರ್, ನೇರ ತಗೊಳಲ್ಲ" ಎಂದರು. ಅದೂ ಸರಿಯೇ. ಮುಖ್ಯ ಶಿಕ್ಷಕರ ಶಿಫಾರಸಿನೊಂದಿಗೆ ಮೂರನೇ ಅರ್ಜಿ ಹೋಯಿತು, ಅದನ್ನು ತೆಗೆದುಕೊಂಡರು. ಮೇಷ್ಟ್ರು ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಕೇಳಿದಾಗ, "ನಂಬಿಕೆ ಇಲ್ವಾ ಸಾರ್?" ಎಂಬ ಪ್ರಶ್ನೆ ಬಂತು. ಮೊಹರು ಬೀಳಲಿಲ್ಲ. ಮುಂದಿನದಕ್ಕೆಲ್ಲ ಬೀಜ ಬಿದ್ದದ್ದು ಅಲ್ಲೇ.

ನಾಲ್ಕು ದಿನದ ಮೇಲೆ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಪಟ್ಟಿ ಬಂತು. ಆರೋಗ್ಯದ ಕಾರಣಕ್ಕೆ ವಿನಾಯಿತಿ ಕೇಳಿದವರು ಇಂಥ ದಿನ ವೈದ್ಯರ ತಂಡದ ಮುಂದೆ ಖುದ್ದಾಗಿ ಹಾಜರಾಗಬೇಕು ಎಂದಿತ್ತು. ಪಟ್ಟಿಯಲ್ಲಿ ಹೆಸರು, ಶಾಲೆ, ಎದುರಿಗೆ ಕಾಯಿಲೆ. ಮುನ್ನೂರು ಜನರ ಗುಂಪು ಅದು. ಯಾರಿಗೆ ಹೃದಯದ ಕಾಯಿಲೆ, ಯಾರಿಗೆ ಗರ್ಭಕೋಶದ ಶಸ್ತ್ರಚಿಕಿತ್ಸೆ, ಯಾರು ಮನೋರೋಗಕ್ಕೆ ಮಾತ್ರೆ ನುಂಗುತ್ತಾರೆ ಎಂಬುದು ಒಂದೇ ಬೆಳಗ್ಗೆ ಎಲ್ಲರಿಗೂ ಗೊತ್ತಾಯಿತು. ಗುಟ್ಟಾಗಿಡುತ್ತಾರೆ ಎಂದು ನಂಬಿ ಬರೆದುಕೊಟ್ಟದ್ದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮಾತಾಯಿತು.

ಹೇಳಿದ ದಿನ ಮೇಷ್ಟ್ರು ಬೆಳಗ್ಗೆ ಒಂಬತ್ತಕ್ಕೆ ಹೋಗಿ ಸರದಿಯಲ್ಲಿ ನಿಂತರು. ನಮ್ಮ ರಾಮಗಿರಿಯಂಥ ಹೋಬಳಿ ಊರಿನಿಂದ ಜಿಲ್ಲಾ ಕೇಂದ್ರಕ್ಕೆ ಹೋಗುವುದೆಂದರೆ ಹೊಳಲ್ಕೆರೆಗೆ ಒಂದು ಬಸ್, ಅಲ್ಲಿಂದ ಚಿತ್ರದುರ್ಗಕ್ಕೆ ಇನ್ನೊಂದು. ಬಿಸಿಲಿನಲ್ಲಿ ನಿಲ್ಲಲಾರೆ ಎಂದು ಅರ್ಜಿ ಹಾಕಿದವರು ಅದನ್ನು ಸಾಬೀತು ಮಾಡಲು ಬಿಸಿಲಿನಲ್ಲಿ ನಿಲ್ಲಬೇಕಾದ ವಿಚಿತ್ರ ಇದು. ಸರದಿಯಲ್ಲಿ ವಾಕರ್ ಹಿಡಿದವರಿದ್ದರು, ಬಸುರಿಯರಿದ್ದರು. ನಿಜ ಹೇಳಬೇಕೆಂದರೆ ಹಿಂದಿನ ದಿನ ವಾಲಿಬಾಲ್ ಆಡಿದವರೂ ಇದ್ದರು. ಮಧ್ಯಾಹ್ನ ಮೂರೂವರೆಗೆ ಮೇಷ್ಟ್ರ ಸರದಿ ಬಂತು. ವೈದ್ಯರು ಡಿಸ್ಚಾರ್ಜ್ ಸಮರಿ ತಿರುವಿ ಹಾಕಿ, ಬಿ.ಪಿ. ನೋಡಿ, 'ಹಗುರ ಕೆಲಸಕ್ಕೆ ಯೋಗ್ಯ' ಎಂದು ಬರೆದರು.

ವೈದ್ಯರು ಬರೆದದ್ದರಲ್ಲಿ ತಪ್ಪಿಲ್ಲ. ಆದರೆ ಚುನಾವಣೆಯಲ್ಲಿ ಹಗುರ ಕೆಲಸ ಯಾವುದು ಎಂದು ಆ ಕಚೇರಿಯಲ್ಲಿ ಯಾರೂ ತೀರ್ಮಾನಿಸಿರಲಿಲ್ಲ. ಒಬ್ಬರು "ವಿನಾಯಿತಿ ಆದಂಗೇ ಸಾರ್, ಹೋಗಿ" ಎಂದರು. ಇನ್ನೊಬ್ಬರು "ಯೋಗ್ಯ ಅಂತ ಬರ್ದಿದಾರಲ್ಲ, ಡ್ಯೂಟಿ ಇದೆ" ಎಂದರು. ಮೇಷ್ಟ್ರು ಮೊದಲನೆಯವರನ್ನು ನಂಬಿ ಎರಡನೇ ತರಬೇತಿಗೆ ಹೋಗಲಿಲ್ಲ. ಮೂರು ದಿನಕ್ಕೆ ಕಾರಣ ಕೇಳಿ ನೋಟಿಸ್ ಬಂತು. ತಮ್ಮ ಅರ್ಜಿಯ ಮಾತೆತ್ತಿದರೆ, "ಯಾವ ಅರ್ಜಿ? ಸ್ವೀಕೃತಿ ತೋರ್ಸಿ" ಎಂದರು. ಕೊನೆಗೆ ಯಾರೋ ತಿಳಿದವರು ಮಧ್ಯೆ ಬಂದು ಅವರನ್ನು ಮೀಸಲು ಸಿಬ್ಬಂದಿಗೆ ಸೇರಿಸಿದರು. ಮತದಾನದ ಹಿಂದಿನ ದಿನ ಮಸ್ಟರಿಂಗ್ ಕೇಂದ್ರದ ಶಾಮಿಯಾನದಡಿ ಬೆಳಗ್ಗೆಯಿಂದ ಸಂಜೆವರೆಗೆ ಕೂತು ಮನೆಗೆ ಹೋದರು. ಅವರ ಅರ್ಜಿ ಪುರಸ್ಕೃತವೋ ತಿರಸ್ಕೃತವೋ ಎಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ನೋಟಿಸ್ ಮಾತ್ರ ಅವರ ಸೇವಾ ಕಡತದಲ್ಲಿದೆ.

ನಲವತ್ತು ಗಂಟೆ

ಇದನ್ನು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: ದಿನಾ ಶಾಲೆಗೆ ಬರುವವರಿಗೆ ಒಂದು ದಿನದ ಚುನಾವಣೆ ಕೆಲಸ ಯಾಕಾಗದು? ಕೆಲವು ಕಚೇರಿಗಳಲ್ಲಿ ಇದು ಬೆದರಿಕೆಯ ರೂಪದಲ್ಲೂ ಬರುತ್ತದೆ. ಚುನಾವಣೆಗೆ ಆಗದಿದ್ದರೆ ನೌಕರಿಗೂ ಆಗುವುದಿಲ್ಲ, ಕಡ್ಡಾಯ ನಿವೃತ್ತಿಗೆ ಬರೆಯಲೇ ಎನ್ನುತ್ತಾರೆ. ಹಾಗೆ ಹೇಳುವವರು ಪಿಆರ್‌ಒ ಕೆಲಸ ಎಷ್ಟು ಹೊತ್ತಿನದು ಎಂದು ಒಮ್ಮೆ ಲೆಕ್ಕ ಹಾಕಬೇಕು.

ಮತದಾನದ ಹಿಂದಿನ ದಿನ ಬೆಳಗ್ಗೆ ಎಂಟಕ್ಕೆ ಮಸ್ಟರಿಂಗ್. ಸಾಮಾನ್ಯವಾಗಿ ಅದು ಸ್ವಂತ ಕ್ಷೇತ್ರ ಬಿಟ್ಟು ಬೇರೆ ಕಡೆ ಇರುವುದರಿಂದ ಮನೆಯಿಂದ ಇನ್ನೂ ಮೊದಲೇ ಹೊರಡಬೇಕು. ಮತಯಂತ್ರ, ವಿವಿಪ್ಯಾಟ್, ನಮೂನೆಗಳ ಕಟ್ಟು, ಎಲ್ಲ ಎಣಿಸಿ ಪಡೆದು ಬಸ್ ಹತ್ತುವಾಗ ಮಧ್ಯಾಹ್ನ ಕಳೆಯುತ್ತದೆ. ಸಂಜೆ ಮತಗಟ್ಟೆ ತಲುಪಿ ಕೊಠಡಿ ಸಜ್ಜು ಮಾಡಿ, ಅಲ್ಲೇ ಶಾಲೆಯ ನೆಲದ ಮೇಲೆ ರಾತ್ರಿ ಕಳೆಯಬೇಕು. ಏಳಕ್ಕೆ ಮತದಾನ ಶುರು, ಅದಕ್ಕೆ ತೊಂಬತ್ತು ನಿಮಿಷ ಮುಂಚೆ ಅಣಕು ಮತದಾನ, ಎಂದರೆ ಐದೂವರೆಗೆ. ಅದಕ್ಕಾಗಿ ಏಳಬೇಕಾದದ್ದು ನಾಲ್ಕಕ್ಕೆ. ಸಂಜೆ ಆರಕ್ಕೆ ಗೇಟಿನೊಳಗೆ ಸರದಿಯಲ್ಲಿ ನಿಂತ ಕಡೆಯ ಮತದಾರರವರೆಗೂ ಮತ ಹಾಕಿಸಿ, ಯಂತ್ರ ಮುಚ್ಚಿ, ಮೊಹರು ಹಾಕಿ, 17ಸಿ ಬರೆದು, ಏಜೆಂಟರ ಸಹಿ ಪಡೆದು, ಬಸ್ಸಿಗೆ ಕಾದು, ಡಿಮಸ್ಟರಿಂಗ್ ಕೇಂದ್ರದಲ್ಲಿ ಎಲ್ಲ ಒಪ್ಪಿಸುವಾಗ ನಡುರಾತ್ರಿ. ಗುರುವಾರ ಬೆಳಗ್ಗೆ ಎಂಟರಿಂದ ಶುಕ್ರವಾರ ರಾತ್ರಿ ಹನ್ನೆರಡರವರೆಗೆ ಎಣಿಸಿದರೆ ನಲವತ್ತು ಗಂಟೆ. ನಡುವೆ ನಾಲ್ಕೈದು ಗಂಟೆ ನಿದ್ದೆ ಬಂದರೆ ಪುಣ್ಯ.

ಈಗ ಕಾಯಿಲೆಗಳನ್ನು ಈ ನಲವತ್ತು ಗಂಟೆಯ ಪಕ್ಕ ಇಟ್ಟು ನೋಡಿ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಹತ್ತರಿಂದ ನಾಲ್ಕೂವರೆ ಮೇಜಿನ ಕೆಲಸ ಮಾಡಬಲ್ಲರು. ಆದರೆ ಆ ಶುಕ್ರವಾರ ಅವರ ಡಯಾಲಿಸಿಸ್ ದಿನವಾಗಿದ್ದರೆ ಏನು ಮಾಡುವುದು? ದಿನಕ್ಕೆ ಮೂರು ಸಲ ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಉಣ್ಣಲೇಬೇಕು. ಚುಚ್ಚುಮದ್ದು ತೆಗೆದುಕೊಂಡು ಊಟ ತಡವಾದರೆ ಸಕ್ಕರೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಮತಗಟ್ಟೆಯಲ್ಲಿ ಊಟ ಸರದಿ ಕರಗಿದಾಗ. ಫಿಟ್ಸ್ ಇರುವವರಿಗೆ ನಿದ್ದೆಗೆಡುವುದೇ ಫಿಟ್ಸ್ ಬರಲು ಒಂದು ಕಾರಣ. ಇವರಾರೂ ನೌಕರಿಗೆ ಅಸಮರ್ಥರಲ್ಲ, ಈ ನಲವತ್ತು ಗಂಟೆಗೆ ಅಸಮರ್ಥರು. ಈ ವ್ಯತ್ಯಾಸ ತಿಳಿಯದಿರುವಷ್ಟು ನಮ್ಮ ಅಧಿಕಾರಿಗಳು ದಡ್ಡರಲ್ಲ.

ಕಾನೂನಿನಲ್ಲಿ ಕಾಯಿಲೆಗೆ ಜಾಗವಿದೆ

ನೋಟಿಸುಗಳಲ್ಲಿ ತಪ್ಪದೆ ಕಾಣುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 134ನೇ ಕಲಂ. ಚುನಾವಣಾ ಕರ್ತವ್ಯದಲ್ಲಿ ಲೋಪ ಮಾಡಿದರೆ ಐನೂರು ರೂಪಾಯಿವರೆಗೆ ದಂಡ ಎನ್ನುತ್ತದೆ ಅದು. ಆದರೆ ಆ ಕಲಮಿನಲ್ಲಿ 'ಸಕಾರಣವಿಲ್ಲದೆ' ಎಂಬ ಪದವೂ ಇದೆ. ನಾವು ನೋಡಿದ ನೋಟಿಸುಗಳಲ್ಲಿ ಕಲಮಿನ ಸಂಖ್ಯೆ ದಪ್ಪ ಅಕ್ಷರದಲ್ಲಿದೆ, ಈ ಪದ ಮಾತ್ರ ಬಿಟ್ಟುಹೋಗಿದೆ. ಐನೂರು ರೂಪಾಯಿಗೆ ಯಾರೂ ಹೆದರುವುದಿಲ್ಲ. ಹೆದರಿಸುವುದು 28ಎ ಕಲಂ. ಅದರ ಪ್ರಕಾರ ಚುನಾವಣೆಗೆ ನೇಮಕವಾದವರು ಅಧಿಸೂಚನೆಯ ದಿನದಿಂದ ಫಲಿತಾಂಶದವರೆಗೆ ಆಯೋಗಕ್ಕೆ ನಿಯೋಜನೆಗೊಂಡವರು ಎಂದೇ ಲೆಕ್ಕ, ಶಿಸ್ತಿನ ವಿಷಯದಲ್ಲೂ ಆಯೋಗದ ಅಧೀನ. ಅಮಾನತಿನ ಭಯ ಬರುವುದು ಅಲ್ಲಿಂದ.

ಅದೇ ಕಾಯ್ದೆಯ 26ನೇ ಕಲಂ ಯಾವ ನೋಟಿಸಿನಲ್ಲೂ ಕಾಣುವುದಿಲ್ಲ. ಪಿಆರ್‌ಒಗಳನ್ನು ನೇಮಿಸುವ ಅಧಿಕಾರವನ್ನು ಜಿಲ್ಲಾ ಚುನಾವಣಾಧಿಕಾರಿಗೆ, ಎಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗೆ ಕೊಡುವುದು ಇದೇ ಕಲಂ. ಅಧ್ಯಕ್ಷಾಧಿಕಾರಿಯು ಅನಾರೋಗ್ಯ ಅಥವಾ ಬೇರೆ ತಪ್ಪಿಸಲಾಗದ ಕಾರಣದಿಂದ ಮತಗಟ್ಟೆ ಬಿಡಬೇಕಾಗಿ ಬಂದರೆ, ಮೊದಲೇ ಅಧಿಕಾರ ಪಡೆದ ಮತಗಟ್ಟೆ ಅಧಿಕಾರಿ ಅವರ ಕೆಲಸ ನಡೆಸಬೇಕೆಂದು ಹೇಳುವುದೂ ಇದೇ. ಮತದಾನ ನಡೆಯುತ್ತಿರುವಾಗಲೇ ಕಾಯಿಲೆ ಬರಬಹುದು ಎಂದು ಕಾಯ್ದೆ ಬರೆದವರು ಎಪ್ಪತ್ತು ವರ್ಷದ ಹಿಂದೆಯೇ ಯೋಚಿಸಿದ್ದರು. ಮತದಾನಕ್ಕೆ ಮೂರು ವಾರ ಮೊದಲೇ ಇರುವ ಕಾಯಿಲೆಯ ಬಗ್ಗೆ ನಮ್ಮ ಕಚೇರಿಗಳು ಇವತ್ತಿಗೂ ಯೋಚಿಸಿಲ್ಲ.

ಇನ್ನೊಂದು ಹೋಲಿಕೆಯನ್ನು ಹೇಳದೆ ಇರಲಾಗದು. 2024ರ ಅದೇ ಚುನಾವಣೆಯಲ್ಲಿ 85 ವರ್ಷ ದಾಟಿದ ಮತದಾರರಿಗೂ ಶೇಕಡ 40ರಷ್ಟು ಅಂಗವೈಕಲ್ಯ ಇರುವವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. 12ಡಿ ನಮೂನೆ ತುಂಬಿಕೊಟ್ಟರೆ ಸಿಬ್ಬಂದಿ ಮನೆ ಬಾಗಿಲಿಗೆ ಹೋಗಿ ಮತ ಪಡೆದರು. ಒಳ್ಳೆಯ ಕೆಲಸ, ನಾವೂ ಫೋಟೊ ಸಮೇತ ಸುದ್ದಿ ಮಾಡಿದೆವು. ಮತದಾರರ ಕಾಲುನೋವಿಗೆ ಇಷ್ಟು ಕರಗುವ ವ್ಯವಸ್ಥೆ ಅದೇ ಮತಗಟ್ಟೆ ನಡೆಸುವವರ ಎದೆನೋವಿಗೆ ಎರಡು ಬಸ್ ಹತ್ತಿಸಿ ಸರದಿಯಲ್ಲಿ ನಿಲ್ಲಿಸುತ್ತದೆ.

ಅರ್ಜಿ ಹೀಗಿರಲಿ

ವ್ಯವಸ್ಥೆ ಸರಿಯಾಗುವವರೆಗೆ ಕಾಯಿಲೆ ಕಾಯುವುದಿಲ್ಲ. ಆದ್ದರಿಂದ ಮೂರು ಅರ್ಜಿ ಬರೆದು ಮೇಷ್ಟ್ರು ಕಲಿತದ್ದನ್ನು ಒಂದೇ ಅರ್ಜಿಯಲ್ಲಿ ಇಲ್ಲಿ ಕೊಡುತ್ತಿದ್ದೇವೆ. ಖಾಲಿ ಜಾಗ ತುಂಬಿಕೊಳ್ಳಿ.

ಇಂದ:
(ಹೆಸರು, ಹುದ್ದೆ, ಕೆಜಿಐಡಿ ಸಂಖ್ಯೆ, ಶಾಲೆ ಅಥವಾ ಕಚೇರಿ, ಮೊಬೈಲ್ ಸಂಖ್ಯೆ)

ಗೆ:
ಜಿಲ್ಲಾ ಚುನಾವಣಾಧಿಕಾರಿ ಹಾಗೂ ಜಿಲ್ಲಾಧಿಕಾರಿಗಳು, ______ ಜಿಲ್ಲೆ

ಮೂಲಕ:
(ತಮ್ಮ ಕಚೇರಿ ಮುಖ್ಯಸ್ಥರು)

ಮಾನ್ಯರೇ,

ವಿಷಯ: ಆರೋಗ್ಯದ ಕಾರಣದಿಂದ ಮತಗಟ್ಟೆ ಅಧ್ಯಕ್ಷಾಧಿಕಾರಿ ಕರ್ತವ್ಯದಿಂದ ವಿನಾಯಿತಿ ಕೋರಿ.

ಉಲ್ಲೇಖ: ನೇಮಕಾತಿ ಆದೇಶ ಸಂಖ್ಯೆ ______, ದಿನಾಂಕ ______

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಉಲ್ಲೇಖಿತ ಆದೇಶದಲ್ಲಿ ನನ್ನನ್ನು ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ನೇಮಿಸಲಾಗಿದೆ. ನನಗೆ ದಿನಾಂಕ ______ ರಂದು ಹೃದಯಕ್ಕೆ ಸ್ಟೆಂಟ್ ಅಳವಡಿಸಲಾಗಿದ್ದು, ಚಿಕಿತ್ಸೆ ಮುಂದುವರಿದಿದೆ. ದೀರ್ಘಕಾಲ ನಿಲ್ಲುವುದು, ಭಾರ ಎತ್ತುವುದು, ನಿದ್ದೆಗೆಡುವುದು ಮಾಡಬಾರದೆಂದು ತಜ್ಞ ವೈದ್ಯರು ದಿನಾಂಕ ______ ರ ಪ್ರಮಾಣಪತ್ರದಲ್ಲಿ ಸೂಚಿಸಿರುತ್ತಾರೆ. ಸದರಿ ಕರ್ತವ್ಯದಲ್ಲಿ ಮತಗಟ್ಟೆಯಲ್ಲಿ ರಾತ್ರಿ ವಾಸ್ತವ್ಯ ಹಾಗೂ ನಿರಂತರ ಕೆಲಸ ಇರುವುದರಿಂದ ನಿರ್ವಹಿಸಲು ನನಗೆ ಸಾಧ್ಯವಾಗುವುದಿಲ್ಲ.

ಆದ್ದರಿಂದ ಸದರಿ ಕರ್ತವ್ಯದಿಂದ ನನಗೆ ವಿನಾಯಿತಿ ನೀಡಬೇಕೆಂದು, ಅಗತ್ಯವಿದ್ದಲ್ಲಿ ರಾತ್ರಿ ವಾಸ್ತವ್ಯವಿಲ್ಲದ, ಕುಳಿತು ಮಾಡುವ ಕೆಲಸಕ್ಕೆ ನಿಯೋಜಿಸಬೇಕೆಂದು ಹಾಗೂ ಈ ಮನವಿಯ ಮೇಲೆ ಕೈಗೊಂಡ ತೀರ್ಮಾನವನ್ನು ಲಿಖಿತ ಹಿಂಬರಹದ ಮೂಲಕ ತಿಳಿಸಬೇಕೆಂದು ಕೋರುತ್ತೇನೆ.

ಸ್ಥಳ:
ದಿನಾಂಕ:
ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು: 1. ನೇಮಕಾತಿ ಆದೇಶದ ಪ್ರತಿ. 2. ತಜ್ಞ ವೈದ್ಯರ ಪ್ರಮಾಣಪತ್ರ. 3. ಡಿಸ್ಚಾರ್ಜ್ ಸಮರಿ ಮತ್ತು ಇತ್ತೀಚಿನ ಔಷಧ ಚೀಟಿ (ಮುಚ್ಚಿದ ಲಕೋಟೆಯಲ್ಲಿ).

ಇದರಲ್ಲಿ ಗಮನಿಸಬೇಕಾದ್ದು ಮೂರು. ಒಂದು, ಬರೀ ಕಾಯಿಲೆಯ ಹೆಸರು ಬರೆದರೆ ಸಾಲದು, ಆ ಕಾಯಿಲೆಯಿಂದ ಈ ಕರ್ತವ್ಯದ ಯಾವ ಭಾಗ ಆಗದು ಎಂದು ಬರೆಯಬೇಕು. 'ವಿಶ್ರಾಂತಿ ಅಗತ್ಯ' ಎಂದು ಮಾತ್ರ ಬರೆದ ಚೀಟಿಗಳು ಬಿದ್ದುಹೋಗುವುದು ಇದೇ ಕಾರಣಕ್ಕೆ. ಪ್ರಮಾಣಪತ್ರ ಹೊಸದಾಗಿರಲಿ, ಅದರಲ್ಲಿ ವೈದ್ಯರ ಸಹಿ, ಮೊಹರು, ನೋಂದಣಿ ಸಂಖ್ಯೆ ಇರಲಿ. ಎರಡು, ಹಿಂಬರಹ ಕೇಳಿದ್ದೇನೆಂಬುದು ಅರ್ಜಿಯಲ್ಲೇ ದಾಖಲಾಗಲಿ, ಎರಡನೇ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸದೆ ಬರಬೇಡಿ. ಕೊಡದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಮೂರು, ಅರ್ಜಿ ಕೊಟ್ಟದ್ದೇ ವಿನಾಯಿತಿಯಲ್ಲ. ಲಿಖಿತ ಆದೇಶ ಕೈಗೆ ಬರುವವರೆಗೆ ತರಬೇತಿಗೆ ಹೋಗಿ ಸಹಿ ಮಾಡಬೇಕು. ಅದೂ ಆಗದಷ್ಟು ಕಾಯಿಲೆಯಿದ್ದರೆ ತರಬೇತಿಗೆ ಮುಂಚೆಯೇ ಬರೆದು ತಿಳಿಸಬೇಕು. ಮೇಷ್ಟ್ರು ಸಿಕ್ಕಿಬಿದ್ದದ್ದು ಇಲ್ಲೇ.

ಎದುರು ಮಾತು

ಕಚೇರಿಯವರ ಕಡೆಯ ಮಾತನ್ನೂ ಕೇಳಬೇಕು. ನಮ್ಮ ಪರಿಚಯದ ಚುನಾವಣಾ ಶಾಖೆಯ ನೌಕರರೊಬ್ಬರು, "ಸಾರ್, ಬಾಗಿಲು ತೆಗುದ್ರೆ ಅರ್ಧ ಜಿಲ್ಲೆಗೆ ಬಿ.ಪಿ. ಬರ್ತದೆ" ಎಂದರು. ಅದರಲ್ಲಿ ಸುಳ್ಳಿಲ್ಲ. ನೂರಿನ್ನೂರು ರೂಪಾಯಿಗೆ ಪ್ರಮಾಣಪತ್ರ ಬರೆದುಕೊಡುವ ವೈದ್ಯರು ಯಾವ ಊರಿನಲ್ಲಿಲ್ಲ? ಒಬ್ಬರು ತಪ್ಪಿಸಿಕೊಂಡರೆ ಆ ಜಾಗಕ್ಕೆ ಇನ್ನೊಬ್ಬರು ಹೋಗಲೇಬೇಕು. ಸುಳ್ಳು ಅರ್ಜಿ ಹಾಕಿದವರು ಮೋಸ ಮಾಡುವುದು ಸರ್ಕಾರಕ್ಕಿಂತ ಹೆಚ್ಚಾಗಿ ಪಕ್ಕದ ಕೊಠಡಿಯ ಸಹೋದ್ಯೋಗಿಗೆ, ನಿಜವಾದ ರೋಗಿಗೆ. ಇದನ್ನು ನೌಕರರ ಸಂಘಗಳು ತಮ್ಮ ಸಭೆಗಳಲ್ಲಿ ಹೇಳಬೇಕು, ಹೇಳುತ್ತಿಲ್ಲ.

ಆದರೆ ಸುಳ್ಳುಗಾರರನ್ನು ಹಿಡಿಯುವುದಕ್ಕೆ ಈಗಿನ ಕ್ರಮ ಕೆಲಸ ಮಾಡುತ್ತಿದೆಯೇ? ನಮಗೆ ಗೊತ್ತಿರುವಂತೆ ಗಟ್ಟಿ ಶಿಫಾರಸು ಇರುವವರು ಅರ್ಜಿಯನ್ನೇ ಹಾಕುವುದಿಲ್ಲ, ಸರದಿಯಲ್ಲೂ ನಿಲ್ಲುವುದಿಲ್ಲ. ಅವರ ಹೆಸರು ಸಿಬ್ಬಂದಿ ಪಟ್ಟಿ ಕಳಿಸುವ ಹಂತದಲ್ಲೇ ಮಾಯವಾಗಿರುತ್ತದೆ. ನೇಮಕ ನಡೆಯುವುದು ಮೂರು ಸುತ್ತಿನ ಯಾದೃಚ್ಛಿಕ ಆಯ್ಕೆಯಿಂದ. ಮೊದಲ ಸುತ್ತಿನಲ್ಲಿ ಯಾರು ಎಂಬುದು, ಎರಡನೆಯದರಲ್ಲಿ ಯಾವ ತಂಡ, ಕೊನೆಯದರಲ್ಲಿ ಯಾವ ಮತಗಟ್ಟೆ. ಎರಡನೆಯದರಿಂದ ವೀಕ್ಷಕರು ಎದುರಿಗಿರುತ್ತಾರೆ. ಕಂಪ್ಯೂಟರಿಗೆ ಪಕ್ಷಪಾತ ಗೊತ್ತಿಲ್ಲ, ನಿಜ. ಆದರೆ ಪಟ್ಟಿಯಲ್ಲೇ ಇಲ್ಲದ ಹೆಸರನ್ನು ಯಾವ ಕಂಪ್ಯೂಟರೂ ಎತ್ತುವುದಿಲ್ಲ. ಹಾಗಾಗಿ ಬಾಗಿಲಲ್ಲಿ ನಿಂತು ಸಾಬೀತು ಮಾಡಬೇಕಾದವರು ಹಿಂಬಾಗಿಲು ಗೊತ್ತಿಲ್ಲದವರು ಮಾತ್ರ.

ನಾವು ಕೇಳುವುದು

ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾ ಚುನಾವಣಾಧಿಕಾರಿಯ ಒಂದು ಸುತ್ತೋಲೆಯಲ್ಲಿ ಆಗುವಂಥ ನಾಲ್ಕು ಕೆಲಸ ಕೇಳುತ್ತೇವೆ.

ಮೊದಲನೆಯದು, ಆರೋಗ್ಯದ ಪ್ರಶ್ನೆ ನೇಮಕಕ್ಕೆ ಮೊದಲೇ ಬರಲಿ. ಇಲಾಖೆಗಳಿಂದ ಸಿಬ್ಬಂದಿ ಪಟ್ಟಿ ತರಿಸುವಾಗಲೇ ಗಂಭೀರ ಕಾಯಿಲೆ ಇದೆಯೇ ಎಂಬ ಒಂದು ಕಲಂ ಸೇರಿಸಿ, ದಾಖಲೆ ಪಡೆದು, ಮೊದಲ ಸುತ್ತಿಗೆ ಮುಂಚೆಯೇ ಪರಿಶೀಲಿಸಬಹುದು. ಆರು ತಿಂಗಳೊಳಗೆ ನಿವೃತ್ತಿ ಹೊಂದುವವರನ್ನು ಚುನಾವಣಾ ಕೆಲಸದಿಂದ ಬಿಡಬೇಕೆಂದು ಆಯೋಗದ ಸೂಚನೆ ಇರುವುದರಿಂದ ಅವರ ಜನ್ಮದಿನಾಂಕವನ್ನು ಮೊದಲೇ ನೋಡುತ್ತಾರೆ. ಡಯಾಲಿಸಿಸ್ ಕಾರ್ಡನ್ನೂ ಮೊದಲೇ ನೋಡಲು ಅಡ್ಡಿಯೇನು? ಆದೇಶ ಹೊರಟ ಮೇಲೆ ರದ್ದು ಮಾಡಲು ಅಧಿಕಾರಿಗಳು ಹಿಂಜರಿಯುವುದು ಬದಲಿ ಹುಡುಕುವ ತಲೆನೋವಿಗೆ. ಮೊದಲೇ ನೋಡಿದರೆ ಆ ತಲೆನೋವೇ ಇರುವುದಿಲ್ಲ.

ಎರಡನೆಯದು, ತಪಾಸಣೆ ತಾಲ್ಲೂಕು ಆಸ್ಪತ್ರೆಯಲ್ಲಾಗಲಿ, ಹೆಸರಿಗೆ ಹೊತ್ತು ಕೊಟ್ಟು ಕರೆಯಲಿ. ಸ್ಟೆಂಟ್, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆಯಂಥ ದಾಖಲೆಯಲ್ಲೇ ಸ್ಪಷ್ಟವಿರುವ ಕಾಯಿಲೆಗಳಿಗೆ ಖುದ್ದು ಹಾಜರಾತಿ ಬೇಡ, ಕಾಗದ ಸಾಕು. ಅನುಮಾನ ಬಂದರೆ ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಒಂದು ಫೋನ್ ಮಾಡಿದರೆ ಆಯಿತು. ಕಾಯಿಲೆಯ ವಿವರ ವೈದ್ಯರಿಗೆ ಮಾತ್ರ ಹೋಗಲಿ. ವಾಟ್ಸ್‌ಆ್ಯಪ್ ಪಟ್ಟಿಯಲ್ಲಿ ಕ್ರಮಸಂಖ್ಯೆ ಹಾಕಿದರೂ ಕೆಲಸ ನಡೆಯುತ್ತದೆ.

ಮೂರನೆಯದು, 'ಹಗುರ ಕೆಲಸ' ಎಂದರೆ ಏನೆಂದು ಬರೆದಿಡಲಿ. 1950 ಸಹಾಯವಾಣಿ, ಕಂಟ್ರೋಲ್ ರೂಮ್, ವೆಬ್‌ಕಾಸ್ಟಿಂಗ್ ನೋಡುವ ಮೇಜು, ಲೆಕ್ಕಪತ್ರ, ಅಂಚೆ ಮತಪತ್ರದ ಕಾಗದ ಕೆಲಸ, ಇವೆಲ್ಲ ಕೂತು ಮಾಡುವಂಥವು. ಈ ಜಾಗಗಳಲ್ಲಿ ಈಗ ಯಾರು ಕೂತಿರುತ್ತಾರೆ ಎಂದು ಮುಂದಿನ ಚುನಾವಣೆಯಲ್ಲಿ ನಾವೇ ಹೋಗಿ ನೋಡುತ್ತೇವೆ. ರೋಗಿಗಳಿಗೆ ಈ ಕೆಲಸ ಕೊಟ್ಟರೆ ಸುಳ್ಳು ಅರ್ಜಿಗಳೂ ಕಡಿಮೆಯಾಗುತ್ತವೆ. ವಿನಾಯಿತಿ ಎಂದರೆ ಮನೆಯಲ್ಲಿ ಮಲಗುವುದಲ್ಲ, ಬೇರೆ ಕೆಲಸ ಎಂದಾದರೆ ವಾಲಿಬಾಲ್ ಆಟಗಾರರು ಸರದಿಗೆ ಬರುವುದಿಲ್ಲ.

ನಾಲ್ಕನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಹಿಂಬರಹ. ಅರ್ಜಿ ತಲುಪಿದ ದಿನ ಸ್ವೀಕೃತಿ. ಎರಡನೇ ತರಬೇತಿಗೆ ಮುಂಚೆ ಉತ್ತರ. ಒಪ್ಪಿದ್ದರೆ ಆದೇಶ, ಒಪ್ಪದಿದ್ದರೆ ಕಾರಣ, ಕೆಳಗೆ ಸಹಿ, ಹೆಸರು, ಹುದ್ದೆ. ತಿರಸ್ಕರಿಸುವ ಅಧಿಕಾರ ಇರಲಿ, ನಮ್ಮ ತಕರಾರಿಲ್ಲ. ತಿರಸ್ಕರಿಸಿದವರು ಯಾರು ಎಂಬುದು ಕಾಗದದ ಮೇಲೆ ಉಳಿಯಲಿ. 'ಈ ಹೃದ್ರೋಗಿ ನಲವತ್ತು ಗಂಟೆ ದುಡಿಯಬಲ್ಲ' ಎಂದು ಬರೆದು ತನ್ನ ಹೆಸರು ಹಾಕಬೇಕಾದ ಅಧಿಕಾರಿ ಆ ಡಿಸ್ಚಾರ್ಜ್ ಸಮರಿಯನ್ನು ಎರಡು ಸಲ ಓದುತ್ತಾನೆ. ಬಾಯಿಮಾತಿನಲ್ಲಿ 'ನೋಡೋಣ ಹೋಗಿ' ಎನ್ನುವಾತ ಒಂದು ಸಲವೂ ಓದಬೇಕಾಗಿಲ್ಲ. ಕಚೇರಿಗಳು ಉತ್ತರ ಬರೆಯದಿರುವುದು ಬಿಡುವಿಲ್ಲ ಎಂದಲ್ಲ, ಬರೆದರೆ ಹೊಣೆ ಬರುತ್ತದೆ ಎಂದು. ಚುನಾವಣಾ ಕರ್ತವ್ಯದಲ್ಲಿ ಸತ್ತರೆ ಕುಟುಂಬಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಪರಿಹಾರ ಇದೆ. ಆ ಕಡತಕ್ಕೆ ಎಲ್ಲ ನಮೂನೆಗಳೂ ಸಿದ್ಧ ಇವೆ. ಬದುಕಿರುವಾಗ ಕೊಡಬೇಕಾದ ಒಂದು ಹಾಳೆಯ ಉತ್ತರಕ್ಕೆ ನಮೂನೆ ಮಾಡುವುದು ಅದಕ್ಕಿಂತ ಕಷ್ಟವಲ್ಲ.

ನಮ್ಮ ಕಡೆಯಿಂದ ಒಂದು ಮಾತು ಕೊಡುತ್ತೇವೆ. ಮುಂದಿನ ಚುನಾವಣೆಯಲ್ಲಿ 'ನೆಪ ಹೇಳಿದರೆ ಕ್ರಮ' ಎಂಬ ಪ್ರಕಟಣೆ ಬಂದ ದಿನ ಅದನ್ನು ಹಾಗೆಯೇ ಕಳಿಸುವುದಿಲ್ಲ. ಆರೋಗ್ಯದ ಕಾರಣಕ್ಕೆ ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಲಿಖಿತ ಉತ್ತರ ಕೊಟ್ಟಿರಿ ಎಂದು ಮೊದಲು ಕೇಳುತ್ತೇವೆ. ಬಾಯಲ್ಲಿ ಹೇಳದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇವೆ. ಆ ಅರ್ಜಿಗಾದರೂ ಉತ್ತರ ಕೊಡಲು ಮೂವತ್ತು ದಿನದ ಗಡುವಿದೆ.